ಬಸರಿ ಮರದ ಕೆಳಗೆ

ಬಂಡೀಪುರದ ಕಾಡಿನೊಳಗೆ, ಸಣ್ಣದೊಂದು ಕೆರೆಯ ಏರಿ ಪಕ್ಕ, ಭಾರೀ ಬಸರಿ ಮರ. ಮೇಲೆ ಮುಸುವಗಳ ಹಿಂಡು, ಕೆಳಗೆ ಚುಕ್ಕೆ ಜಿಂಕೆಗಳ ಹಿಂಡು. ಮುಸುವ ತಿನ್ನುವುದನ್ನು ಕಂಡವರಿಗೆ ಗೊತ್ತು: ಒಂದು ಹಣ್ಣು ತಿಂದರೆ ಎರಡು ಬೀಳಿಸುತ್ತದೆ, ಕೊಂಬೆ ಮುರಿದು ನಾಲ್ಕು ಚಿಗುರು ಕಿತ್ತು ಉಳಿದದ್ದನ್ನು ಕೈಬಿಡುತ್ತದೆ. ಹುಲ್ಲು ಒಣಗಿ ಹೋಗುವ ಬೇಸಿಗೆಯಲ್ಲಿ ಜಿಂಕೆಗಳಿಗೆ ಆ ಉದುರೇ ಊಟ. ಹಲ್ಲಿನ ಗುರುತು ಮೂಡಿದ ಹಣ್ಣನ್ನು ಮರಿಗಳು ಮೂಸಿ ಮೂಸಿ ತಿನ್ನುವುದು ನೋಡಲಿಕ್ಕೇ ಚೆಂದ.

ಹಿಂಡಿನ ಯಜಮಾನ ಕರಿಮೂತಿಗೆ ಅದು ಚೆಂದ ಕಾಣಲಿಲ್ಲ.

‘ಹತ್ತೋದು ನಾವು, ಕೀಳೋದು ನಾವು. ಇವು ಕತ್ತೆತ್ತಿ ನಿಂತ್ರೆ ಸಾಕು, ಬಾಯಿಗೇ ಬೀಳುತ್ತೆ!’

‘ಬಿದ್ದದ್ದನ್ನ ನಾವೇನು ಇಳಿದು ತಿಂತೀವೇನಪ್ಪಾ?’ ಎಂದಳು ಮುದಿ ಮುಸುವಜ್ಜಿ.

‘ತಿನ್ನದಿದ್ರೂ ನಮ್ದೇ ಕಣಜ್ಜಿ.’

ಅಂದಿನಿಂದ ಒಂದೆಲೆಯೂ ಬೀಳಬಾರದೆಂದು ಅಪ್ಪಣೆಯಾಯಿತು. ತಿಂದು ಮಿಕ್ಕಿದ ಹಣ್ಣನ್ನು ಮರದ ಪೊಟರೆಗೆ ತುರುಕಿದರು. ಮೂರೇ ದಿನಕ್ಕೆ ಅದು ಕೊಳೆತು ಹುಳಿ ವಾಸನೆ ಬಂತು, ಇರುವೆ ಸಾಲುಗಟ್ಟಿತು. ಪೊಟರೆ ಪಕ್ಕ ಮಲಗುತ್ತಿದ್ದ ಬಾಣಂತಿ ಮುಸುವ ಮರಿಯನ್ನು ಎದೆಗವಚಿಕೊಂಡು ಬೇರೆ ಕೊಂಬೆಗೆ ಹೋದಳು.

ಕೆಳಗಿನಿಂದ ಹಿರಿ ಜಿಂಕೆ ಕೇಳಿತು: ‘ಯಾಕಪ್ಪಾ ಯಜಮಾನ, ಮರದಲ್ಲಿ ಹಣ್ಣು ಮುಗೀತಾ?’

‘ಇದೆ. ನಿಮಗಿಲ್ಲ.’

ಜಿಂಕೆ ಮರುಮಾತಾಡಲಿಲ್ಲ. ಸಂಜೆಯವರೆಗೂ ಕಾದು, ಬೆಳಗಿನ ಜಾವ ಮರಿಗಳನ್ನು ಮುಂದೆ ಬಿಟ್ಟುಕೊಂಡು ದಿಣ್ಣೆಯಾಚೆ ಹೋಯಿತು. ಅಲ್ಲಿನ ಮತ್ತಿ ಮರಗಳಲ್ಲಿ ಇನ್ನೊಂದು ಮುಸುವ ಹಿಂಡಿತ್ತು.

ಮರದಡಿ ನಿಶ್ಶಬ್ದವಾಯಿತು. ಕರಿಮೂತಿಗೆ ಆ ರಾತ್ರಿ ಒಳ್ಳೆಯ ನಿದ್ದೆ.

ಬಿಸಿಲೇರಿದಾಗ ಮುಸುವಗಳು ನೀರಿಗಿಳಿಯಬೇಕು. ಮರದಿಂದ ಕೆರೆಗೆ ಹತ್ತು ನೆಗೆತ. ಆ ದಾರಿಯುದ್ದಕ್ಕೂ ಮೊದಲೆಲ್ಲ ಜಿಂಕೆಗಳು ಮೇಯುತ್ತಿದ್ದವು. ಯಾವುದಾದರೂ ಒಂದು ಮೂಗರಳಿಸಿ ಮುಂಗಾಲನ್ನು ನೆಲಕ್ಕೆ ‘ಟಪ್’ ಎಂದು ಬಡಿದರೆ ಸಾಕು, ಇಡೀ ಹಿಂಡು ಮರದ ಮೇಲಿರುತ್ತಿತ್ತು. ಮುಸುವದ ಕಣ್ಣು ಬಯಲಿನಲ್ಲಿ ಎಷ್ಟು ದೂರ ಬೇಕಾದರೂ ಓಡುತ್ತದೆ. ಲಂಟಾನ ಪೊದೆಯೊಳಗೆ ತೂರುವುದಿಲ್ಲ.

ಆ ಮಧ್ಯಾಹ್ನ ಗಾಳಿ ಪೊದೆಯ ಕಡೆಯಿಂದಲೇ ಬೀಸುತ್ತಿತ್ತು. ಚಿರತೆಯ ವಾಸನೆ ದಾರಿಯುದ್ದಕ್ಕೂ ಹರಡಿತ್ತು. ಹಿಡಿಯಲು ಅಲ್ಲಿ ಮೂಗಿರಲಿಲ್ಲ.

ಎಳೆಯರು ನೆಗೆದು ಮರ ಸೇರಿದರು. ಮುದುಕಿ ಕೊನೆಯಲ್ಲಿದ್ದಳು.

‘ಖಕ್! ಖಕ್!’ ಕರಿಮೂತಿ ಗಂಟಲು ಬಿರಿಯುವಂತೆ ಕೂಗಿದ. ಕೂಗಿ ಆಗಬೇಕಾದ್ದೇನೂ ಉಳಿದಿರಲಿಲ್ಲ. ಏರಿಯ ದೂಳಿನಲ್ಲಿ ಎಳೆದೊಯ್ದ ಗೆರೆ ಪೊದೆಯವರೆಗೂ ಹೋಗಿತ್ತು.

ಮರುದಿನ ನಸುಕಿಗೇ ಕರಿಮೂತಿ ಎದ್ದು, ಎಳೆ ಚಿಗುರಿನ ಕೊಂಬೆಯನ್ನೇ ಆರಿಸಿ ಲಟಕ್ಕನೆ ಮುರಿದು ಕೆಳಗೆ ಹಾಕಿದ. ಇನ್ನೊಂದು ಹಾಕಿದ. ಹಣ್ಣಿನ ಗೊಂಚಲು ಹಾಕಿದ. ತುದಿಗೆ ಹತ್ತಿ ದಿಣ್ಣೆಯ ಕಡೆ ನೋಡಿದ. ಮತ್ತಿ ಮರಗಳ ಅಡಿಯಲ್ಲಿ ಕಂದು ಬೆನ್ನುಗಳು ನಿಧಾನವಾಗಿ ಸರಿದಾಡುತ್ತಿದ್ದವು. ಒಂದೂ ಈ ಕಡೆ ತಿರುಗಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಬಿದ್ದ ಚಿಗುರು ಬಾಡಿ ಸುರುಟಿತು. ಹತ್ತು ನೆಗೆತದಾಚೆ ಕೆರೆಯ ನೀರು ಹೊಳೆಯುತ್ತಿತ್ತು. ಮರಿಗಳು ಬಾಯಾರಿ ಅಳುತ್ತಿದ್ದವು, ತಾಯಂದಿರು ಕರಿಮೂತಿಯ ಮುಖ ನೋಡುತ್ತಿದ್ದರು. ಯಾರೂ ಇಳಿಯಲಿಲ್ಲ.