ಅಪಕೃತ್ಯ ಕಾನೂನು, ಪ್ರಶ್ನೆ 3: ಚರಂಡಿ ಕಂದಕಕ್ಕೆ ಬಿದ್ದ ಸ್ಕೂಟರ್ ಸವಾರ (ಅಂಕ 20, ಸಮಯ 40 ನಿಮಿಷ)

ಪ್ರಶ್ನೆ

ಚರಂಡಿ ಪೈಪ್ ಹಾಕುವ ಕೆಲಸವನ್ನು ನಗರಸಭೆ ಗುತ್ತಿಗೆದಾರ ಬಸವರಾಜನಿಗೆ ಕೊಟ್ಟಿತ್ತು. ಅವನು ಮುಖ್ಯ ರಸ್ತೆಯಲ್ಲಿ 9 ಮೀಟರ್ ಉದ್ದ, 1.2 ಮೀಟರ್ ಆಳದ ಕಂದಕ ತೋಡಿಸಿದ. ಉತ್ತರದ ತುದಿಗೆ ಬ್ಯಾರಿಕೇಡ್, ಕೆಂಪು ದೀಪ ಇತ್ತು. ದಕ್ಷಿಣದ ತುದಿಯಲ್ಲಿ ಅಗೆದ ಮಣ್ಣಿಗೆ ಒಂದು ಮರದ ಕೊಂಬೆ ಸಿಕ್ಕಿಸಿದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಎರಡು ದಿನ ಮೊದಲೇ ಅಕ್ಕಪಕ್ಕದ ಅಂಗಡಿಯವರು ನಗರಸಭೆಗೆ ಲಿಖಿತ ದೂರು ಕೊಟ್ಟಿದ್ದರು. ಜುಲೈ ತಿಂಗಳ ಮಳೆಯ ರಾತ್ರಿ 10.15ಕ್ಕೆ, ಬೀದಿದೀಪ ಆರಿದ್ದಾಗ, ಮಂಜುನಾಥ ದಕ್ಷಿಣದಿಂದ ಸ್ಕೂಟರಿನಲ್ಲಿ ಬಂದು ಕಂದಕಕ್ಕೆ ಬಿದ್ದ. ವೇಗ ಗಂಟೆಗೆ 55 ಕಿ.ಮೀ.; ಅಲ್ಲಿನ ಮಿತಿ 40. ಹೆಲ್ಮೆಟ್ ಕನ್ನಡಿಗೆ ನೇತಾಡುತ್ತಿತ್ತು. ಕಾಲಿನ ಮೂಳೆ ಮುರಿದು ಚರ್ಮ ಸೀಳಿತು, ತಲೆಗೂ ಪೆಟ್ಟಾಯಿತು. ಸಕ್ಕರೆ ಕಾಯಿಲೆ ಇದ್ದುದರಿಂದ ಗಾಯ ಕೊಳೆತು ಕಾಲು ತೆಗೆಯಬೇಕಾಯಿತು. ಅವನನ್ನು ಆಸ್ಪತ್ರೆಗೆ ಒಯ್ದ ಮೇಲೆ ಸ್ಕೂಟರಿನ ಡಿಕ್ಕಿಯಲ್ಲಿದ್ದ 60,000 ರೂಪಾಯಿಯನ್ನು ಯಾರೋ ಕದ್ದರು. ಕಾಲಿನ ಹಾನಿ 12 ಲಕ್ಷ, ತಲೆಯದು 4 ಲಕ್ಷ, ಸ್ಕೂಟರಿನದು 40,000 ರೂಪಾಯಿ. ಹೆಲ್ಮೆಟ್ ಇದ್ದಿದ್ದರೆ ತಲೆಯ ಪೆಟ್ಟು ಕಡಿಮೆಯಾಗುತ್ತಿತ್ತು, ಪೂರ್ತಿ ತಪ್ಪುತ್ತಿರಲಿಲ್ಲ ಎಂಬುದು ವೈದ್ಯರ ಅಭಿಪ್ರಾಯ. ಹೊಣೆ ನಿರ್ಧರಿಸಿ.

ಉತ್ತರ

ಮಂಜುನಾಥ ಬಸವರಾಜ ಮತ್ತು ನಗರಸಭೆ ಇಬ್ಬರ ಮೇಲೂ ನಿರ್ಲಕ್ಷ್ಯದ ದಾವೆ ಹೂಡಬಹುದು. ಕರ್ತವ್ಯದ ಬಗ್ಗೆ ಹೆಚ್ಚು ತಕರಾರಿಲ್ಲ. ನಿಜವಾದ ಜಗ್ಗಾಟ ಇರುವುದು ಕದ್ದುಹೋದ ಹಣದಲ್ಲಿ ಮತ್ತು ವಾದಿಯ ಸ್ವಂತ ತಪ್ಪಿಗೆ ಎಷ್ಟು ಕಡಿತ ಎಂಬಲ್ಲಿ.

ಎಚ್ಚರಿಕೆಯ ಕರ್ತವ್ಯ. ನಮ್ಮ ಕೃತ್ಯದಿಂದ ಯಾರಿಗೆ ಪೆಟ್ಟಾದೀತೆಂದು ಮುಂಗಾಣಬಹುದೋ ಅವರ ಬಗ್ಗೆ ಎಚ್ಚರ ವಹಿಸಬೇಕು (ಡೊನೊಗ್ಯೂ ವಿರುದ್ಧ ಸ್ಟೀವನ್‌ಸನ್, 1932). ರಸ್ತೆ ಅಗೆದವನಿಗೆ ಆ ರಸ್ತೆಯಲ್ಲಿ ಬರುವ ಸವಾರ ಇಂಥ ನೆರೆಯವನೇ. ಹೇಲಿ ವಿರುದ್ಧ ಲಂಡನ್ ಎಲೆಕ್ಟ್ರಿಸಿಟಿ ಬೋರ್ಡ್ (1965) ಪ್ರಕರಣದಲ್ಲಿ ಕಾಲುದಾರಿಯ ಕಂದಕಕ್ಕೆ ಕುರುಡರೂ ಬರಬಹುದೆಂದು ಮುಂಗಾಣಬೇಕಿತ್ತು ಎಂದು ತೀರ್ಪಾಯಿತು. ಕತ್ತಲಲ್ಲಿ ಬರುವ ಸವಾರನನ್ನು ಮುಂಗಾಣುವುದು ಅದಕ್ಕಿಂತ ಸುಲಭ.

ಕೆಲಸ ಮಾಡಿದವನು ಸ್ವತಂತ್ರ ಗುತ್ತಿಗೆದಾರ, ತನಗೆ ಸಂಬಂಧವಿಲ್ಲ ಎಂದು ನಗರಸಭೆ ಹೇಳಬಹುದು. ಸಾಮಾನ್ಯ ನಿಯಮ ಅದೇ. ಆದರೆ ಸಾರ್ವಜನಿಕ ರಸ್ತೆಯಲ್ಲಿ ಅಪಾಯ ತರುವ ಕೆಲಸ ಮಾಡಿಸುವವರು ಆ ಕರ್ತವ್ಯವನ್ನು ಗುತ್ತಿಗೆದಾರನ ಹೆಗಲಿಗೆ ಹಾಕಿ ಕೈತೊಳೆದುಕೊಳ್ಳುವಂತಿಲ್ಲ (ಹಾಲಿಡೇ ವಿರುದ್ಧ ನ್ಯಾಷನಲ್ ಟೆಲಿಫೋನ್ ಕಂಪನಿ, 1899). ರಸ್ತೆಬದಿಯ ಮರ ಬಿದ್ದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪಾಲಿಕೆಯನ್ನು ಹೊಣೆ ಮಾಡಲಿಲ್ಲ (ರಾಜಕೋಟ್ ಮಹಾನಗರಪಾಲಿಕೆ ವಿರುದ್ಧ ಮಂಜುಳಾಬೆನ್, 1997). ಆ ತೀರ್ಪು ಇಲ್ಲಿ ನಗರಸಭೆಯ ನೆರವಿಗೆ ಬಾರದು: ಈ ಕಂದಕ ತಾನಾಗಿ ಆದದ್ದಲ್ಲ, ನಗರಸಭೆ ತೋಡಿಸಿದ್ದು, ಲಿಖಿತ ದೂರು ಎರಡು ದಿನ ಮೊದಲೇ ಕೈಸೇರಿತ್ತು.

ಕರ್ತವ್ಯ ಭಂಗ. ವಿವೇಕಿಯಾದ ವ್ಯಕ್ತಿ ಮಾಡುವುದನ್ನು ಮಾಡದಿರುವುದು, ಮಾಡದಿರುವುದನ್ನು ಮಾಡುವುದು ನಿರ್ಲಕ್ಷ್ಯ (ಬ್ಲೈತ್ ವಿರುದ್ಧ ಬರ್ಮಿಂಗ್‌ಹ್ಯಾಂ ವಾಟರ್‌ವರ್ಕ್ಸ್, 1856). ಅಪಾಯ ಎಷ್ಟು ಸಂಭವನೀಯ, ಪೆಟ್ಟು ಎಷ್ಟು ಗಂಭೀರ, ತಡೆಯಲು ಎಷ್ಟು ಖರ್ಚು ಎಂಬುದನ್ನು ತೂಗಬೇಕು. ಬೋಲ್ಟನ್ ವಿರುದ್ಧ ಸ್ಟೋನ್ (1951) ಪ್ರಕರಣದಲ್ಲಿ ಕ್ರಿಕೆಟ್ ಚೆಂಡು ಮೈದಾನದಾಚೆ ಹೋಗುವುದೇ ಅಪರೂಪವಾಗಿತ್ತು. ಇಲ್ಲಿ ಎರಡೂ ದಿಕ್ಕಿನಿಂದ ವಾಹನ ಬರುವುದು ಖಚಿತ, ಮಳೆಗಾಲ ಬೇರೆ, 1.2 ಮೀಟರ್ ಆಳಕ್ಕೆ ಬಿದ್ದರೆ ಮೂಳೆ ಮುರಿಯುವುದು ಸಹಜ. ತಡೆಯಲು ಬೇಕಿದ್ದದ್ದು ಇನ್ನೊಂದು ಬ್ಯಾರಿಕೇಡ್, ಇನ್ನೊಂದು ದೀಪ. ಉತ್ತರಕ್ಕೆ ಅವನ್ನು ಇಟ್ಟಿದ್ದೇ ಬಸವರಾಜನಿಗೆ ಅಪಾಯ ಗೊತ್ತಿತ್ತೆಂಬುದಕ್ಕೆ ಸಾಕ್ಷಿ. ಕೊಂಬೆ ಹಗಲಲ್ಲಿ ಕಂಡೀತು. ಮಳೆಯ ರಾತ್ರಿ ಹಸಿ ಮಣ್ಣಿನ ಮೇಲಿನ ಹಸಿ ಕೊಂಬೆ ಕಾಣದು. ದೂರು ಬಂದ ಮೇಲೂ ಸುಮ್ಮನಿದ್ದ ನಗರಸಭೆಯದು ಪ್ರತ್ಯೇಕ ಭಂಗ.

ಕಾರಣ. ದೀಪವಿದ್ದರೂ ಆ ವೇಗದಲ್ಲಿ ಬೀಳುತ್ತಿದ್ದ ಎಂದು ಪ್ರತಿವಾದಿಗಳು ವಾದಿಸಬಹುದು. 55 ಕಿ.ಮೀ. ಎಂದರೆ ಸೆಕೆಂಡಿಗೆ ಸುಮಾರು 15 ಮೀಟರ್. ನೇರ ರಸ್ತೆಯಲ್ಲಿ ಕೆಂಪು ದೀಪ ಅದರ ಎಷ್ಟೋ ಪಟ್ಟು ದೂರದಿಂದ ಕಾಣುತ್ತದೆ. ರಸ್ತೆ ತಿರುವಿನದೆಂದು ಪ್ರಶ್ನೆಯಲ್ಲಿ ಇಲ್ಲ. ಆದ್ದರಿಂದ ದೀಪವಿದ್ದಿದ್ದರೆ ಅವಘಡ ತಪ್ಪುತ್ತಿತ್ತೆಂಬುದೇ ಹೆಚ್ಚು ಸಂಭವನೀಯ.

ಹಾನಿಯ ದೂರತ್ವ. ನೇರ ಪರಿಣಾಮಗಳಿಗೆಲ್ಲ ಹೊಣೆ ಎಂಬ ಪೊಲೆಮಿಸ್ (1921) ನಿಯಮವನ್ನು ವ್ಯಾಗನ್ ಮೌಂಡ್ (1961) ತೀರ್ಪು ಕೈಬಿಟ್ಟಿತು. ಯಾವ ಬಗೆಯ ಹಾನಿಯನ್ನು ಮುಂಗಾಣಬಹುದಿತ್ತೋ ಅದಕ್ಕಷ್ಟೇ ಹೊಣೆ. ಅದು ಆಗುವ ರೀತಿಯನ್ನಾಗಲಿ ಪ್ರಮಾಣವನ್ನಾಗಲಿ ನಿಖರವಾಗಿ ಮುಂಗಾಣಬೇಕಿಲ್ಲ (ಹ್ಯೂಸ್ ವಿರುದ್ಧ ಲಾರ್ಡ್ ಅಡ್ವೊಕೇಟ್, 1963). ಮುರಿದ ಕಾಲು, ತಲೆಯ ಪೆಟ್ಟು, ಜಖಂಗೊಂಡ ಸ್ಕೂಟರ್ ಸುಲಭವಾಗಿ ಇದರೊಳಗೆ ಬರುತ್ತವೆ.

ಕಾಲು ತೆಗೆದದ್ದಕ್ಕೆ ಸಕ್ಕರೆ ಕಾಯಿಲೆಯೂ ಕಾರಣ. ಆದರೂ ಹೊಣೆ ತಪ್ಪದು. ಸ್ಮಿತ್ ವಿರುದ್ಧ ಲೀಚ್ ಬ್ರೇನ್ (1962) ಪ್ರಕರಣದಲ್ಲಿ ತುಟಿಯ ಸುಟ್ಟಗಾಯ ಕ್ಯಾನ್ಸರ್‌ಗೆ ತಿರುಗಿ ಕೆಲಸಗಾರ ಸತ್ತಾಗ ಮಾಲೀಕರು ಸಾವಿಗೂ ಹೊಣೆಯಾದರು. ಗಾಯದ ಬಗೆ ಮುಂಗಾಣುವಂತಿದ್ದರೆ, ವಾದಿಯ ದೇಹ ಹೇಗಿದೆಯೋ ಹಾಗೆಯೇ ಪ್ರತಿವಾದಿ ಒಪ್ಪಿಕೊಳ್ಳಬೇಕು.

ಹಣದ ಕಳವು ಕಷ್ಟದ ಅಂಶ. ಬಿದ್ದ ವಾಹನಕ್ಕೆ ಕಳ್ಳರು ಕೈಹಾಕುವುದು ಊಹಿಸಲಾಗದ ಸಂಗತಿಯಲ್ಲ ಎಂದು ವಾದಿ ಹೇಳಬಹುದು. ಸ್ಟಾನ್ಸ್‌ಬಿ ವಿರುದ್ಧ ಟ್ರೋಮನ್ (1948) ಪ್ರಕರಣವನ್ನು ತೋರಿಸಬಹುದು. ಅಲ್ಲಿ ಮನೆಯ ಬಾಗಿಲು ಹಾಕದೆ ಹೋದ ಕೆಲಸಗಾರ ಕಳವಿಗೆ ಹೊಣೆಯಾದ. ಆದರೆ ಅಲ್ಲಿದ್ದ ಕರ್ತವ್ಯವೇ ಕಳ್ಳರು ಒಳಬರದಂತೆ ನೋಡಿಕೊಳ್ಳುವುದು. ಇಲ್ಲಿನ ಕರ್ತವ್ಯ ಸವಾರರು ಬೀಳದಂತೆ ನೋಡಿಕೊಳ್ಳುವುದು. ಮೂರನೆಯವನು ಬೇಕೆಂದೇ ಮಾಡಿದ ಅಪರಾಧ ನಡುವೆ ಬಂದು ಕಾರಣಸರಪಳಿ ಕಡಿಯಿತು ಎಂಬುದೇ ಸರಿಯಾದ ಉತ್ತರ. 60,000 ರೂಪಾಯಿ ಸಿಗದು.

ವಾದಿಯ ಸ್ವಂತ ನಿರ್ಲಕ್ಷ್ಯ. ವಾದಿಯದು ಅಲ್ಪ ತಪ್ಪಾದರೂ ದಾವೆ ಬೀಳುತ್ತಿದ್ದ ಕಾಲವಿತ್ತು (ಬಟರ್‌ಫೀಲ್ಡ್ ವಿರುದ್ಧ ಫಾರೆಸ್ಟರ್, 1809). ಇಂಗ್ಲೆಂಡಿನಲ್ಲಿ 1945ರ ಕಾಯ್ದೆ ಅದನ್ನು ಬದಲಿಸಿತು. ಭಾರತದ ನ್ಯಾಯಾಲಯಗಳೂ ತಪ್ಪಿನ ಪಾಲಿಗೆ ತಕ್ಕಂತೆ ಪರಿಹಾರ ಕಡಿತ ಮಾಡುತ್ತವೆ. ಇದನ್ನು ರುಜುವಾತುಪಡಿಸುವ ಹೊರೆ ಪ್ರತಿವಾದಿಯದು.

ವೇಗ ಮತ್ತು ಹೆಲ್ಮೆಟ್ ಎರಡನ್ನೂ ಒಂದೇ ಗಂಟು ಕಟ್ಟಿ ಒಟ್ಟು ಮೊತ್ತದಿಂದ ಕಡಿತ ಮಾಡುವುದು ತಪ್ಪು. ಕಾನೂನು ಮುರಿದ ಮಾತ್ರಕ್ಕೆ ಕಡಿತವಿಲ್ಲ. ಆ ಉಲ್ಲಂಘನೆ ಅವಘಡಕ್ಕೋ ಗಾಯಕ್ಕೋ ಕಾರಣವಾಗಿರಬೇಕು. ಒಂದೇ ಬೈಕಿನಲ್ಲಿ ಮೂವರು ಹೋಗಿದ್ದ ಮೊಹಮ್ಮದ್ ಸಿದ್ದಿಕ್ ವಿರುದ್ಧ ನ್ಯಾಷನಲ್ ಇನ್ಶೂರೆನ್ಸ್ (2020) ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಪ್ರಕಾರ ಹೆಲ್ಮೆಟ್ ಕಡ್ಡಾಯ, ನಿಜ. ಆದರೆ ಹೆಲ್ಮೆಟ್ ಕಾಲನ್ನು ಉಳಿಸುತ್ತಿರಲಿಲ್ಲ. ಅದರ ಕಡಿತ ತಲೆಯ ಗಾಯಕ್ಕೆ ಮಾತ್ರ. ಸೀಟ್ ಬೆಲ್ಟ್ ಕುರಿತ ಫ್ರೂಮ್ ವಿರುದ್ಧ ಬುಚರ್ (1976) ತೀರ್ಪು ಗಾಯ ಪೂರ್ತಿ ತಪ್ಪುತ್ತಿದ್ದರೆ ಶೇ. 25, ಕಡಿಮೆಯಾಗುತ್ತಿದ್ದರೆ ಶೇ. 15 ಎಂದಿತು. ವೈದ್ಯರ ಅಭಿಪ್ರಾಯ ಎರಡನೆಯದಕ್ಕೆ ಹೊಂದುತ್ತದೆ.

ವೇಗದ ಪ್ರಭಾವ ಎಲ್ಲ ಹಾನಿಯ ಮೇಲೂ ಇದೆ. 40ರ ವೇಗದಲ್ಲಿ ಸೆಕೆಂಡಿಗೆ ಸುಮಾರು 11 ಮೀಟರ್. ಹೆಡ್‌ಲೈಟಿನಲ್ಲಿ ಮಣ್ಣಿನ ಗುಡ್ಡೆ ಕಂಡು ಬ್ರೇಕ್ ಹಾಕಲು ಇನ್ನಷ್ಟು ಅವಕಾಶ ಸಿಗುತ್ತಿತ್ತು, ಬಿದ್ದರೂ ಪೆಟ್ಟು ಕಡಿಮೆಯಿರುತ್ತಿತ್ತು. ಆದರೂ ಕತ್ತಲಲ್ಲಿ ಬಲೆಯಂತೆ ಕಂದಕ ಬಿಟ್ಟವರ ತಪ್ಪೇ ಬಹುಪಾಲು. ಅದಕ್ಕೆ ಶೇ. 15 ಸಾಕು.

ಹೀಗೆ ಕಾಲಿನ 12,00,000ದಲ್ಲಿ ಶೇ. 15 ಕಳೆದು 10,20,000. ತಲೆಯ 4,00,000ದಲ್ಲಿ ವೇಗಕ್ಕೆ 15, ಹೆಲ್ಮೆಟ್ಟಿಗೆ 15, ಒಟ್ಟು ಶೇ. 30 ಕಳೆದು 2,80,000. ಸ್ಕೂಟರಿನ 40,000ದಲ್ಲಿ ಶೇ. 15 ಕಳೆದು 34,000. ಒಟ್ಟು 13,34,000 ರೂಪಾಯಿ. ಬಸವರಾಜ ಮತ್ತು ನಗರಸಭೆ ಸೇರಿ ಒಂದೇ ಹಾನಿ ಮಾಡಿದ್ದರಿಂದ ಮಂಜುನಾಥ ಈ ಪೂರ್ತಿ ಮೊತ್ತವನ್ನು ಇಬ್ಬರಲ್ಲಿ ಯಾರಿಂದಲಾದರೂ ವಸೂಲು ಮಾಡಬಹುದು. ಅವರೊಳಗಿನ ಪಾಲು ಅವನಿಗೆ ಅಡ್ಡಿಯಲ್ಲ.