ನಿರ್ದೇಶಕ ಮಂಡಳಿ ಸಭೆಯ ನಡಾವಳಿ: ಹಾಳೆ ಖರೀದಿ ಮತ್ತು ಗೋದಾಮು ಬಾಡಿಗೆ

ದಿನಾಂಕ: 11 ಅಕ್ಟೋಬರ್ 2025, ಶನಿವಾರ, ಬೆಳಿಗ್ಗೆ 10.30
ಸ್ಥಳ: ಅಡಿಕೆ ಹಾಳೆ ತಟ್ಟೆ ಘಟಕದ ಕಚೇರಿ, ಸಾಗರ

ಆರು ನಿರ್ದೇಶಕರಲ್ಲಿ ಐವರು ಹಾಜರಿದ್ದರು. ಒಬ್ಬರು ರಜೆ ಕೇಳಿದ್ದರು, ಒಪ್ಪಲಾಯಿತು. ಕೋರಂ ಇದ್ದುದರಿಂದ ಅಧ್ಯಕ್ಷರು ಸಭೆ ಶುರು ಮಾಡಿದರು.

ವಿಷಯ 4: ಸಂಬಂಧಿತ ಪಕ್ಷದವರೊಂದಿಗಿನ ವ್ಯವಹಾರ (ಕಂಪನಿ ಕಾಯ್ದೆ 2013, ಕಲಂ 188)

ಹಿತಾಸಕ್ತಿ ತಿಳಿಸಿದ್ದು: ಹಾಳೆ ಕೊಡಲು ಮುಂದೆ ಬಂದಿರುವ ಪಾಲುದಾರಿಕೆ ಸಂಸ್ಥೆಯಲ್ಲಿ ತಮ್ಮ ಸ್ವಂತ ತಮ್ಮ ಪಾಲುದಾರ ಎಂದು ವ್ಯವಸ್ಥಾಪಕ ನಿರ್ದೇಶಕರು ತಿಳಿಸಿದರು. ಗೋದಾಮು ತಮ್ಮ ಹೆಸರಿನಲ್ಲಿದೆ ಎಂದು ಅವರ ಪತ್ನಿ, ಮಾರುಕಟ್ಟೆ ನಿರ್ದೇಶಕಿ ಹೇಳಿದರು. ಇಬ್ಬರೂ ಕಲಂ 184ರ ಅಡಿ ಎಂ.ಬಿ.ಪಿ-1 ನಮೂನೆಯಲ್ಲಿ ಬರೆದುಕೊಟ್ಟಿದ್ದನ್ನು ಓದಲಾಯಿತು. ನಿಯಮ 15ರಂತೆ ಚರ್ಚೆಯ ವೇಳೆ ಅವರು ಇರುವಂತಿಲ್ಲ. 10.50ಕ್ಕೆ ಇಬ್ಬರೂ ಕೋಣೆಯಿಂದ ಹೊರಗೆ ಹೋದರು, ಮತ ಹಾಕಲಿಲ್ಲ. ಉಳಿದ ಮೂವರಿಗೆ ಇದರಲ್ಲಿ ಯಾವ ಹಿತಾಸಕ್ತಿಯೂ ಇಲ್ಲ. ಕೋರಂಗೆ ಅವರೇ ಸಾಕು.

ಹಾಳೆ ಖರೀದಿ: ನವೆಂಬರ್‌ನಿಂದ ಮೇವರೆಗೆ 12 ಲಕ್ಷ ಹಾಳೆ ಬೇಕು. ಸಂಸ್ಥೆ ಕೇಳಿದ ದರ ಒಂದಕ್ಕೆ ₹2.70. ಸಂಬಂಧವಿಲ್ಲದ ಮೂವರಿಂದ ತರಿಸಿದ ದರ ₹2.55, ₹2.65, ₹2.80. "ಕಡಿಮೆ ದರದವರ ಹಾಳೆ ಯಾಕೆ ಬೇಡ? ಇದನ್ನು ಮುಂದೆ ಯಾರಾದರೂ ಕೇಳ್ತಾರೆ, ಅಲ್ವಾ?" ಎಂದು ಒಬ್ಬ ನಿರ್ದೇಶಕರು ಕೇಳಿದರು. ಸರಿಯಾದ ಪ್ರಶ್ನೆ. ಹಾಗಾಗಿ ₹2.55ರ ಹಾಳೆ, ಸಂಸ್ಥೆಯ ಹಾಳೆ, ಎರಡರ ಕಟ್ಟುಗಳನ್ನೂ ಮೇಜಿನ ಮೇಲೆ ಬಿಚ್ಚಿದೆವು. ಎರಡೂ ಮಳೆಗಾಲ ದಾಟಿದ ಹಾಳೆ. ₹2.55ರ ಕಟ್ಟಿನ 50ರಲ್ಲಿ 9ಕ್ಕೆ ಒಳಗಡೆ ಬೂಷ್ಟು ಹಿಡಿದಿತ್ತು. ಬಾಗಿಸಿದರೆ ಅಂಚು ಸೀಳುತ್ತಿತ್ತು. ಸಂಸ್ಥೆಯದರಲ್ಲಿ 2 ಮಾತ್ರ ಕೆಟ್ಟಿದ್ದವು. ಊಟದ ತಟ್ಟೆಗೆ ಬೂಷ್ಟಿನ ಹಾಳೆ ಬಳಸಲು ಆಗದು. 9 ಬಿಸಾಡಿದರೆ ಒಳ್ಳೆಯ ಹಾಳೆಗೆ ಸುಮಾರು ₹3.11 ಬೀಳುತ್ತದೆ. ಆದರೂ ₹2.70 ಕೊಡಲು ಕಾರಣ ಕಾಣಲಿಲ್ಲ. ಮನೆಯವರು ಅಂತ ಹತ್ತು ಪೈಸೆಯೂ ಜಾಸ್ತಿ ಹೋಗಬಾರದು ಎಂದು ಅಧ್ಯಕ್ಷರು ಸ್ಪಷ್ಟವಾಗಿ ಹೇಳಿದರು.

ನಿರ್ಣಯ: ದರ ₹2.60, ಒಟ್ಟು ₹31,20,000 ಮೀರಬಾರದು. ಮುಂಗಡ ಇಲ್ಲ, ಸರಕು ಎಣಿಸಿ ಆರಿಸಿದ 30 ದಿನದಲ್ಲಿ ಹಣ. ಕೆಟ್ಟ ಹಾಳೆ ವಾಪಸ್. ಸಂಸ್ಥೆ ಲಿಖಿತವಾಗಿ ಒಪ್ಪದಿದ್ದರೆ ₹2.65ರವರ ಹಾಳೆಯನ್ನು ಇದೇ ರೀತಿ ನೋಡಿ, ಅವರಿಂದ ಕೊಳ್ಳುವುದು.

ಗೋದಾಮು: ತಿಂಗಳಿಗೆ ₹45,000 ಕೇಳಿದ್ದರು. ಅದೇ ರಸ್ತೆಯ ಎರಡು ಗೋದಾಮುಗಳ ಬಾಡಿಗೆ ₹39,000 ಮತ್ತು ₹41,000. ₹40,000ಕ್ಕೆ 11 ತಿಂಗಳು, ಮೂರು ತಿಂಗಳ ಮುಂಗಡ ಎಂದು ಒಪ್ಪಲಾಯಿತು.

2024-25ರ ವಹಿವಾಟು ₹6.40 ಕೋಟಿ. ಎರಡೂ ವ್ಯವಹಾರ ಅದರ ಶೇ. 10ಕ್ಕಿಂತ ಕಡಿಮೆ ಇರುವುದರಿಂದ ಷೇರುದಾರರ ನಿರ್ಣಯ ಬೇಕಿಲ್ಲ. ಮೂವರೂ ಒಮ್ಮತದಿಂದ ಒಪ್ಪಿದರು. ಎಂ.ಬಿ.ಪಿ-4 ರಿಜಿಸ್ಟರಿನಲ್ಲಿ ನಮೂದಿಸಲು ಹಣಕಾಸು ನಿರ್ದೇಶಕರಿಗೆ ತಿಳಿಸಲಾಯಿತು.

11.40ಕ್ಕೆ ಇಬ್ಬರು ನಿರ್ದೇಶಕರನ್ನೂ ಒಳಗೆ ಕರೆದು ನಿರ್ಣಯ ಓದಿ ಹೇಳಲಾಯಿತು. ನಂತರ ವಿಷಯ 5 ಎತ್ತಿಕೊಳ್ಳಲಾಯಿತು.