ಐಸಿಯು ಹಾಸಿಗೆ 4: ಕುಟುಂಬದೊಂದಿಗೆ ಮಾತುಕತೆಗೆ ಟಿಪ್ಪಣಿ

ರೋಗಿ 34 ವರ್ಷದ ಕಾಫಿ ಬೆಳೆಗಾರ, ಸುಂಟಿಕೊಪ್ಪದ ಬಳಿ ಬೈಕ್ ಅಪಘಾತ. ಮೆದುಳಿನ ಸಾವನ್ನು ಖಚಿತಪಡಿಸುವ ಮೊದಲ ಪರೀಕ್ಷೆ ಬೆಳಗ್ಗೆ 6ಕ್ಕೆ, ಎರಡನೆಯದು ಮಧ್ಯಾಹ್ನ 1ಕ್ಕೆ ಮುಗಿದಿದೆ. ನಾಲ್ವರು ವೈದ್ಯರೂ ಸಹಿ ಹಾಕಿದ್ದಾರೆ. ಎರಡು ಪರೀಕ್ಷೆಗಳ ನಡುವೆ ಕನಿಷ್ಠ 6 ಗಂಟೆಗಳ ಅಂತರ ಬೇಕೇಬೇಕು.

ಮೊದಲು ಸಾವಿನ ಸುದ್ದಿ ಮಾತ್ರ. ಹೆಂಡತಿ, ತಾಯಿ, ಅಣ್ಣ ಮೂವರನ್ನೂ ಕೂರಿಸಿ. ವಿರಾಜಪೇಟೆಯಿಂದ ದೊಡ್ಡಪ್ಪ ಮಳೆಯಲ್ಲಿ ಬರುತ್ತಿದ್ದಾರೆ, ಅವರಿಗಾಗಿ ಕಾಯಿರಿ. "ಮೆದುಳು ನಿಷ್ಕ್ರಿಯ" ಎನ್ನಬೇಡಿ. ಮತ್ತೆ ಕೆಲಸ ಮಾಡಬಹುದು ಎಂದು ಅವರಿಗೆ ಕೇಳಿಸುತ್ತದೆ. ಹೀಗೆ ಹೇಳಿ: "ಅಮ್ಮಾ, ನಿಮ್ಮ ಮಗ ತೀರಿಕೊಂಡಿದ್ದಾರೆ. ಎದೆ ಏರಿಳಿಯುತ್ತಿರುವುದು ವೆಂಟಿಲೇಟರ್‌ನಿಂದ. ಅದನ್ನು ಸ್ವಲ್ಪ ಹೊತ್ತು ತೆಗೆದು ನೋಡಿದೆವು, ಅವರಾಗಿ ಒಂದು ಉಸಿರೂ ಎಳೆಯಲಿಲ್ಲ."

ಆಮೇಲೆ ಸುಮ್ಮನಿರಿ. ಅಳಲಿ. ಮೈ ಬೆಚ್ಚಗಿದೆಯಲ್ಲ ಎಂದು ತಾಯಿ ಕೇಳಿಯೇ ಕೇಳುತ್ತಾರೆ. ಹೃದಯ ಇನ್ನೂ ರಕ್ತ ಹರಿಸುತ್ತಿದೆ, ಯಂತ್ರ ಉಸಿರು ಕೊಡುವವರೆಗೆ ಮಾತ್ರ ಎಂದು ಅವರ ಕೈ ಹಿಡಿದು ಹೇಳಿ.

ಸಾವನ್ನು ಒಪ್ಪಿದ ಮೇಲಷ್ಟೇ ಅಂಗದಾನದ ಮಾತು, ಅದೂ ಅಂಗ ಕಸಿ ಸಂಯೋಜಕರಿಂದ: "ಅಕ್ಕಾ, ಅವರು ಈ ಬಗ್ಗೆ ಎಂದಾದರೂ ಮಾತಾಡಿದ್ದರಾ?" ಒಪ್ಪಿದರೆ ಹೆಂಡತಿಯ ಸಹಿ ನಮೂನೆ 8ರಲ್ಲಿ. ಅಂಗಗಳ ಹಂಚಿಕೆ ರಾಜ್ಯದ ಅಂಗದಾನ ಸಂಸ್ಥೆಯಾದ ಜೀವಸಾರ್ಥಕತೆಯ ಕಾಯುವ ಪಟ್ಟಿಯಂತೆ. 1994ರ ಅಂಗಾಂಗ ಕಸಿ ಕಾಯ್ದೆಯಡಿ ಹಣದ ವ್ಯವಹಾರ ಅಪರಾಧ. ಅಂಗ ತೆಗೆಯುವ ಖರ್ಚು ಕುಟುಂಬಕ್ಕಿಲ್ಲ. ದೇಹವನ್ನು ಹೊಲಿದು ಗೌರವದಿಂದ ಒಪ್ಪಿಸುತ್ತೇವೆ, ಅಂತ್ಯಕ್ರಿಯೆ ಅವರ ಪದ್ಧತಿಯಂತೆಯೇ ನಡೆಯಬಹುದು. ಅಪಘಾತವಾದ್ದರಿಂದ ಪೊಲೀಸರ ಕಾಗದ, ಮರಣೋತ್ತರ ಪರೀಕ್ಷೆ ಇದ್ದೇ ಇರುತ್ತದೆ, ತಡವಾಗುವುದನ್ನು ಮುಚ್ಚಿಡಬೇಡಿ.

ಬೇಡ ಎಂದರೆ ಮತ್ತೆ ಒತ್ತಾಯಿಸಬೇಡಿ. ಅದೇ ಕುರ್ಚಿಯಲ್ಲಿ, ಅದೇ ದನಿಯಲ್ಲಿ ಅವರೊಂದಿಗೆ ಕೂತಿರಿ.